ರಿಮ್ಯಾಪ್ ಆದ್ಮೇಲೆ ಮೀಟರ್ ತೋರಿಸೋ ಮೈಲೇಜ್ ನಂಬಬಹುದಾ?

ಪುಣೆ, ಹೈದರಾಬಾದಿನಿಂದ ತಿಂಗಳಿಗೊಮ್ಮೆ ಊರಿಗೆ ಡೀಸೆಲ್ ಕಾರಲ್ಲಿ ಹೋಗಿಬರೋ ನಮ್ಮವರ ಬಾಯಲ್ಲಿ ಒಂದು ಮಾತು ಪದೇಪದೇ ಕೇಳ್ತೀನಿ: "ಇಸಿಯು ರಿಮ್ಯಾಪ್ ಮಾಡಿಸ್ದೆ, ಪವರ್ರೂ ಜಾಸ್ತಿ ಆಯ್ತು, ಮೈಲೇಜೂ ಹದಿನೆಂಟರಿಂದ ಇಪ್ಪತ್ತರ ಹತ್ರ ಬಂತು." ಪವರ್ ವಿಷಯ ನಿಜ ಇರಬಹುದು. ಆದರೆ ಆ ಇಪ್ಪತ್ತು ಎಲ್ಲಿಂದ ಬಂತು ಅಂತ ಇವತ್ತು ನೋಡೋಣ.

ಇಸಿಯು ಅಂದ್ರೆ ಇಂಜಿನ್ ನಡೆಸೋ ಪುಟ್ಟ ಕಂಪ್ಯೂಟರ್. ರಿಮ್ಯಾಪ್ ಮಾಡುವವರು ಸಾಮಾನ್ಯವಾಗಿ ಅದರ ಪ್ರೋಗ್ರಾಂ ಮುಟ್ಟಲ್ಲ, ಅದು ಓದುವ ಕೋಷ್ಟಕಗಳನ್ನು ಬದಲಿಸ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕೋಡ್ ಅದೇ, ಕಾನ್ಫಿಗ್ ಬೇರೆ. ನೀವು ಪೆಡಲ್ ಒತ್ತಿದಾಗ ಇಸಿಯು ಎಷ್ಟು ಟಾರ್ಕ್ ಬೇಕು ಅಂತ ನೋಡುತ್ತೆ. ಗೇರ್‌ಬಾಕ್ಸ್ ತಡೆಯುವ ಮಿತಿ, ಹೊಗೆ ಬರದ ಹಾಗೆ ಇಟ್ಟ ಮಿತಿ, ಇವುಗಳಲ್ಲಿ ಕಡಿಮೆ ಯಾವುದೋ ಅದನ್ನು ಹಿಡಿಯುತ್ತೆ. ಪ್ರತಿ ಸ್ಟ್ರೋಕಿಗೆ ಇಷ್ಟು ಮಿಲಿಗ್ರಾಂ ಡೀಸೆಲ್ ಅಂತ ತೀರ್ಮಾನಿಸುತ್ತೆ. ಕೊನೆಗೆ ಇನ್ನೊಂದು ಕೋಷ್ಟಕ ನೋಡಿ, ಅಷ್ಟು ಡೀಸೆಲ್ ಬೀಳಲು ಇಂಜೆಕ್ಟರ್ ಎಷ್ಟು ಮೈಕ್ರೋಸೆಕೆಂಡ್ ತೆರೆದಿರಬೇಕು ಅಂತ ಲೆಕ್ಕ ಹಾಕುತ್ತೆ.

ಒಳ್ಳೆ ಟ್ಯೂನರ್ ಟಾರ್ಕ್ ಮತ್ತು ಟರ್ಬೊ ಒತ್ತಡದ ಕೋಷ್ಟಕಗಳನ್ನು ಒಂದಕ್ಕೊಂದು ಹೊಂದುವಂತೆ ಏರಿಸ್ತಾನೆ. ಸೋಮಾರಿ ಟ್ಯೂನರ್ ಕೊನೆಯ ಕೋಷ್ಟಕವನ್ನಷ್ಟೇ ಹಿಗ್ಗಿಸ್ತಾನೆ. ಉದಾಹರಣೆಗೆ, 40 ಮಿಲಿಗ್ರಾಮಿಗೆ 700 ಮೈಕ್ರೋಸೆಕೆಂಡ್ ಇದ್ದದ್ದು 770 ಆಗುತ್ತೆ. ಇಸಿಯು 40 ಅಂದ್ಕೊಂಡಿರುತ್ತೆ, ಬೀಳೋದು ಹೆಚ್ಚುಕಡಿಮೆ 44.

ಮಜಾ ಇರೋದು ಇಲ್ಲೇ. ಡ್ಯಾಶ್‌ಬೋರ್ಡಿನ ಮೈಲೇಜ್ ಟ್ಯಾಂಕನ್ನು ಅಳೆದು ಬರೋದಲ್ಲ. ಇಸಿಯು ತಾನು ಕೇಳಿದ ಮಿಲಿಗ್ರಾಂಗಳನ್ನು ಕೂಡಿಸಿ ಹೇಳೋ ಲೆಕ್ಕ ಅದು. ಹೈವೇಲಿ 80ರಲ್ಲಿ ಹೋಗಲು ಕಾರಿಗೆ ಮೊದಲು ಬೇಕಿದ್ದಷ್ಟೇ ಡೀಸೆಲ್ ಈಗಲೂ ಬೇಕು. ಪ್ರತಿ ಹನಿ ದೊಡ್ಡದಾಗಿದೆ ಅಂತ ನಿಮ್ಮ ಕಾಲು ಪೆಡಲನ್ನು ಸ್ವಲ್ಪ ಸಡಿಲಿಸುತ್ತೆ, ಇಸಿಯು ಹನ್ನೊಂದರಲ್ಲಿ ಒಂದು ಪಾಲು ಕಡಿಮೆ ಕೇಳುತ್ತೆ, ಪರದೆ ಮೇಲೆ 18 ಇದ್ದದ್ದು 19.8 ಆಗುತ್ತೆ. ಬಂಕಲ್ಲಿ ಬಿಲ್ ಮಾತ್ರ ಅಷ್ಟೇ!

ಪರೀಕ್ಷೆ ಸುಲಭ. ಒಂದೇ ಬಂಕಲ್ಲಿ ಆಟೋ ಕಟ್ ಆಗೋವರೆಗೆ ತುಂಬಿಸಿ, ಓಡಿಸಿ, ಮತ್ತೆ ಹಾಗೇ ತುಂಬಿಸಿ. 760 ಕಿಲೋಮೀಟರಿಗೆ 42.2 ಲೀಟರ್ ಹಿಡಿದ್ರೆ ನಿಮ್ಮದು 18, ಪರದೆ ಏನೇ ಹೇಳಲಿ. ರಿಮ್ಯಾಪ್‌ಗೆ ಮುಂಚೆ ಮೂರು ಟ್ಯಾಂಕ್, ಆಮೇಲೆ ಮೂರು ಟ್ಯಾಂಕ್ ಅಳೆದವರ ಮಾತನ್ನಷ್ಟೇ ನಾನು ಕೇಳೋದು.

ಹಾಗಾದ್ರೆ ನಿಜವಾಗಿ ಮೈಲೇಜ್ ಏರಲ್ವಾ? ಸ್ವಲ್ಪ ಏರಿಸಬಹುದು, ಇಂಜೆಕ್ಷನ್ನನ್ನು ಕೊಂಚ ಮುಂಚೆ ಶುರು ಮಾಡಿ. ಆಗ ಉರಿ ಬಿಸಿಯಾಗಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತೆ. ಬಿಎಸ್-4ರಲ್ಲಿ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 250 ಮಿಲಿಗ್ರಾಂ ಇದ್ದ ಅದರ ಮಿತಿ ಬಿಎಸ್-6ರಲ್ಲಿ 80ಕ್ಕೆ ಇಳಿದಿದೆ. ಕಂಪನಿ ಮೈಲೇಜ್ ಬಿಟ್ಟುಕೊಟ್ಟು ಕೊಂಡಿದ್ದು ಆ 80ನ್ನೇ. "ಆದ್ರೂ ಪಿಯುಸಿ ಪಾಸಾಯ್ತಲ್ಲ" ಅಂತಾರೆ. ಡೀಸೆಲ್ ಗಾಡಿಯ ಪಿಯುಸಿಯಲ್ಲಿ ನಿಂತಲ್ಲೇ ರೇಸ್ ಮಾಡಿ ಹೊಗೆ ಎಷ್ಟು ಕಪ್ಪಗಿದೆ ಅಂತ ನೋಡ್ತಾರೆ, ಅಷ್ಟೇ. ಈ ಅನಿಲ ಕಣ್ಣಿಗೂ ಬೀಳಲ್ಲ, ಆ ಯಂತ್ರಕ್ಕೂ ಬೀಳಲ್ಲ. ಇನ್ನು ಹೊಗೆಯ ಮಿತಿಯನ್ನೇ ಸಡಿಲಿಸಿದ್ರೆ ಮಸಿ ಹೋಗಿ ಡಿಪಿಎಫ್ ಫಿಲ್ಟರಲ್ಲಿ ಕೂರುತ್ತೆ. ಅದನ್ನು ಸುಡಲು ಇಂಜಿನ್ ಮತ್ತಷ್ಟು ಡೀಸೆಲ್ ಖರ್ಚು ಮಾಡುತ್ತೆ, ಒಂದಿಷ್ಟು ಆಯಿಲ್‌ಗೂ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರ್ತಾ ಇದ್ರೆ ಖುಷಿಪಡಬೇಡಿ.

ವಾರಂಟಿ ವಿಷಯಕ್ಕೆ ಬರೋಣ. "ಸರ್ವಿಸ್‌ಗೆ ಮುಂಚೆ ಹಳೇ ಫೈಲ್ ಹಾಕಿಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ" ಅಂತ ಹೇಳೋರಿದ್ದಾರೆ. ಎಷ್ಟೋ ಇಸಿಯುಗಳು ತಮ್ಮನ್ನು ಎಷ್ಟು ಸಲ ಫ್ಲ್ಯಾಶ್ ಮಾಡಿದ್ರು ಅಂತ ಎಣಿಸಿಟ್ಟಿರುತ್ತವೆ, ಹಳೇ ಫೈಲ್ ಹಾಕೋದೂ ಒಂದು ಫ್ಲ್ಯಾಶೇ. ಟರ್ಬೊನೋ ಕ್ಲಚ್ಚೋ ಹೋದಾಗ ಕಂಪನಿಯವರು ಮೊದಲು ನೋಡೋದು ಅಲ್ಲಿ.

ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿರೋರಿಗೂ ಇದು ಉಪಯೋಗ. ಒಂದು ಓಬಿಡಿ ಅಡಾಪ್ಟರ್ ಚುಚ್ಚಿ ಈ ಎರಡು ಕಮಾಂಡ್ ಕೊಡಿ:

```
0904
0906
```

ಮೊದಲನೆಯದು `CALID`, ಅಂದ್ರೆ ಫೈಲಿನ ವರ್ಷನ್ ಹೆಸರು. ಎರಡನೆಯದು `CVN`, ಅದರ ಚೆಕ್‌ಸಮ್. ಅದೇ ಮಾಡೆಲ್‌ನ, ಕೈ ಹಾಕದ ಇನ್ನೊಂದು ಕಾರಿನ ಜೊತೆ ಹೋಲಿಸಿ. ಹೆಸರು ಒಂದೇ ಇದ್ದು ಚೆಕ್‌ಸಮ್ ಬೇರೆ ಬಂದ್ರೆ ಒಳಗೆ ಯಾರೋ ಕೈಯಾಡಿಸಿದ್ದಾರೆ ಅಂತ. ಎಲ್ಲ ಗಾಡಿಗಳೂ ಉತ್ತರ ಕೊಡಲ್ಲ, ಚಾಲಾಕಿ ಟ್ಯೂನರ್ `CVN` ಅನ್ನೂ ಹಳೆಯದೇ ತೋರಿಸುವಂತೆ ಮಾಡಬಲ್ಲ. ಹಾಗಾಗಿ ಒಂದೇ ಬಂತು ಅಂದ್ರೆ ನಿರಾಳ ಅಂತಲ್ಲ, ಬೇರೆ ಬಂದ್ರೆ ಮಾತ್ರ ಮಾರೋರನ್ನ ಕೂರಿಸಿ ಕೇಳಲೇಬೇಕು.