ಚಾರ್ಜರ್ ಪಿನ್ನಿನ ಚರಿತ್ರೆ



ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಕೇಳಿ ನೋಡಿ, ಅಂಗಡಿಯವರು ಮೊದಲು ಕೇಳುವುದೇ 'ಯಾವ ಪಿನ್ನು?' ಎಂದು. ದಪ್ಪ ಪಿನ್ನು, ಸಣ್ಣ ಪಿನ್ನು, ಬ್ಲೂ ಪಿನ್ನು, ಹೀಗೆ ಅಲ್ಲಿ ಒಂದೊಂದಕ್ಕೂ ಒಂದು ಹೆಸರುಂಟು. ಪೇಟೆಗೆ ಹೋಗಲಾಗದವರು ಹಳೆಯ ಚಾರ್ಜರಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಆ ಫೋಟೋದಲ್ಲಿ ಓದಬೇಕಾದ್ದು ಮೂರು: ಪಿನ್ನಿನ ಅಳತೆ, ಪ್ಲಸ್-ಮೈನಸ್ ಚಿಹ್ನೆ, ಔಟ್‌ಪುಟ್ ಎಂಬ ಸಾಲು. ಕಣ್ಣಿಗೆ ಮೊದಲು ಬೀಳುವುದು ಪಿನ್ನು. ಆದರೆ ಮೂರರಲ್ಲಿ ಕಡಿಮೆ ನಂಬಬೇಕಾದ್ದೂ ಅದನ್ನೇ. ಅದು ಹೀಗಾದದ್ದಕ್ಕೆ ಒಂದು ಚರಿತ್ರೆಯಿದೆ.

ಪಿನ್ನನ್ನು ನೋಡಿದರೆ ವೋಲ್ಟೇಜು ತಿಳಿಯಬೇಕು ಎಂಬ ಆಲೋಚನೆ ಜಪಾನಿನಲ್ಲಿ ನಡೆದಿತ್ತು. ಅಲ್ಲಿಯ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ, ಇಐಎಜೆ, ಐದು ಅಳತೆಯ ಪಿನ್ನುಗಳನ್ನು ಗೊತ್ತುಮಾಡಿತು. ಮೂರು ವೋಲ್ಟಿನ ಆಸುಪಾಸಿಗೆ ತೀರಾ ಚಿಕ್ಕದು, ಆರಕ್ಕೆ ಇನ್ನೊಂದು, ಹೀಗೆ ಏರುತ್ತಾ 13.5ರಿಂದ 18 ವೋಲ್ಟಿಗೆ 6.5 ಮಿಲಿಮೀಟರ್ ದಪ್ಪದ್ದು. ಹೆಚ್ಚಿನ ವೋಲ್ಟೇಜಿನ ಪಿನ್ನು ಕಡಿಮೆ ವೋಲ್ಟೇಜಿನ ಯಂತ್ರದ ತೂತಿಗೆ ಹೋಗಲೇಬಾರದು ಎಂಬುದು ಲೆಕ್ಕಾಚಾರ.

ಲ್ಯಾಪ್‌ಟಾಪ್ ತಯಾರಕರು ಈ ಶಿಸ್ತಿಗೆ ಒಳಪಡಲಿಲ್ಲ. ಹೆಚ್ಚಿನ ಲ್ಯಾಪ್‌ಟಾಪುಗಳಿಗೆ ಬೇಕಾದದ್ದು 18 ವೋಲ್ಟಿಗೂ ಮೇಲೆ. ನಾಲ್ಕು ಲಿಥಿಯಂ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ, ಪೂರ್ತಿ ತುಂಬಿದಾಗ ಒಂದೊಂದು 4.2ರಂತೆ 16.8 ವೋಲ್ಟ್ ಆಗುತ್ತದೆ. ಅದನ್ನು ತುಂಬಲು ಚಾರ್ಜರ್ ಅದಕ್ಕಿಂತ ಸ್ವಲ್ಪ ಮೇಲಿರಬೇಕು. 19, 19.5, 20 ಎಂಬ ಅಂಕಿಗಳು ಬಂದದ್ದು ಹೀಗೆ. ಪಿನ್ನಿನ ಅಳತೆಯನ್ನು ಮಾತ್ರ ಒಬ್ಬೊಬ್ಬರು ಒಂದೊಂದಾಗಿ ಆರಿಸಿಕೊಂಡರು.

ಥಿಂಕ್‌ಪ್ಯಾಡ್ ಬಹುಕಾಲ 16 ವೋಲ್ಟಿನಲ್ಲಿ ನಡೆಯಿತು, ಪಿನ್ನು 5.5 ಮಿಲಿಮೀಟರಿನದು. 2006ರಲ್ಲಿ ಟಿ60 ಮಾದರಿ ಬಂದಾಗ ವೋಲ್ಟೇಜು 20ಕ್ಕೇರಿತು, ಪಿನ್ನೂ ಸುಮಾರು 8 ಮಿಲಿಮೀಟರಿಗೆ ದಪ್ಪವಾಯಿತು. ಹಳೆಯದು ಹೊಸದಕ್ಕೆ ಹಿಡಿಯದು, ಗೊಂದಲವಿಲ್ಲ. ಎಚ್‌ಪಿಯಲ್ಲಿ ಹಾಗಾಗಲಿಲ್ಲ. 7.4 ಮಿಲಿಮೀಟರಿನ ಅದೇ ದಪ್ಪ ಪಿನ್ನು 18.5 ವೋಲ್ಟಿನ ಚಾರ್ಜರಿನಲ್ಲೂ ಇದೆ, 19.5ರದ್ದರಲ್ಲೂ ಇದೆ. ಡೆಲ್ ಕೂಡ ಅದೇ ಅಳತೆಯನ್ನು ಬಳಸಿತು. ಹಾಗಾಗಿ ಎರಡು ಕಂಪನಿಯ ಚಾರ್ಜರುಗಳು ಒಂದರ ತೂತಿಗೆ ಇನ್ನೊಂದು ಸಲೀಸಾಗಿ ಕೂರುತ್ತವೆ.

ಈ ದಪ್ಪ ಪಿನ್ನಿನೊಳಗೆ ಇಣುಕಿದರೆ ನಟ್ಟನಡುವೆ ಸೂಜಿಯಂಥ ಕಡ್ಡಿಯೊಂದು ಕಾಣುತ್ತದೆ. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಹೊರಗಿನ ಕೊಳವೆಯ ಹೊರಮೈ ಮೈನಸ್, ಒಳಮೈ ಪ್ಲಸ್. ನಡುವಿನ ಕಡ್ಡಿ ಗುರುತು ಹೇಳುವುದಕ್ಕೆ. ಡೆಲ್ ಚಾರ್ಜರಿನೊಳಗಿನ ಪುಟ್ಟ ಚಿಪ್ಪೊಂದು 'ನಾನು ಇಷ್ಟು ವ್ಯಾಟಿನವನು' ಎಂದು ಈ ಕಡ್ಡಿಯ ಮೂಲಕ ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ಉತ್ತರ ಬಾರದಿದ್ದರೆ ತೆರೆಯ ಮೇಲೆ "The AC power adapter wattage and type cannot be determined" ಎಂದು ಬರುತ್ತದೆ. ಯಂತ್ರ ಓಡುತ್ತದೆ, ಆದರೆ ನಿಧಾನವಾಗಿ, ಬ್ಯಾಟರಿಯಂತೂ ತುಂಬುವುದಿಲ್ಲ. ಕಡ್ಡಿ ಬಾಗಿದ್ದರೂ ಮುರಿದಿದ್ದರೂ ಇದೇ ಲಕ್ಷಣ. ಹಾಗಾಗಿ ಪಿನ್ನಿನ ಫೋಟೋವನ್ನು ಪಕ್ಕದಿಂದಷ್ಟೇ ತೆಗೆದರೆ ಸಾಲದು, ಎದುರಿನಿಂದಲೂ ತೆಗೆಯಬೇಕು.

ಈಗ ಅಳತೆಯ ಮಾತು. ಫೋಟೋ ತೆಗೆಯುವಾಗ ಪಿನ್ನಿನ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಡ್ಡಳತೆ 27 ಮಿಲಿಮೀಟರ್. ಫೋಟೋದಲ್ಲಿ ನಾಣ್ಯ 540 ಪಿಕ್ಸೆಲ್ ಅಗಲ ಬಂದರೆ ಒಂದು ಮಿಲಿಮೀಟರಿಗೆ 20 ಪಿಕ್ಸೆಲ್ ಎಂದಾಯಿತು. ಪಿನ್ನು 148 ಪಿಕ್ಸೆಲ್ ಇದ್ದರೆ 7.4, ಅಂದರೆ ದಪ್ಪ ಪಿನ್ನು. 90 ಇದ್ದರೆ 4.5, ಅಂದರೆ ಎಚ್‌ಪಿಯ ಬ್ಲೂ ಪಿನ್ನೋ ಡೆಲ್‌ನ ಸಣ್ಣ ಪಿನ್ನೋ ಇರಬೇಕು. ನಾಣ್ಯ ಮತ್ತು ಪಿನ್ನು ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಹೊರ ಅಳತೆ ಹೀಗೆ ಸಿಕ್ಕರೂ ಒಳಗಿನ ತೂತಿನ ಅಳತೆ ಸಿಗುವುದು ಕಷ್ಟ. 5.5ರ ಪಿನ್ನಿನಲ್ಲಿ 2.1ರ ತೂತೂ ಉಂಟು, 2.5ರದ್ದೂ ಉಂಟು. ವ್ಯತ್ಯಾಸ ನಮ್ಮ ಫೋಟೋದಲ್ಲಿ ಬರೀ 8 ಪಿಕ್ಸೆಲ್. ಅಂಚಿನ ಹೊಳಪೇ ಅಷ್ಟನ್ನು ನುಂಗುತ್ತದೆ. 2.1ರದ್ದು ಲ್ಯಾಪ್‌ಟಾಪಿನ ತೂತಿನೊಳಗಿನ ದಪ್ಪ ಕಡ್ಡಿಯ ಮೇಲೆ ಹತ್ತುವುದೇ ಇಲ್ಲ. 2.5ರದ್ದು ತೆಳು ಕಡ್ಡಿಯ ಮೇಲೆ ಹತ್ತುತ್ತದೆ, ಆದರೆ ಸಡಿಲ. ವೈರು ಅಲುಗಿದಾಗಲೆಲ್ಲ ಚಾರ್ಜ್ ಹೋಗಿ ಬರುತ್ತದೆ. ಫೋಟೋದಿಂದ 'ಇದು ಅಲ್ಲ' ಎಂದು ಹೇಳಬಹುದು, 'ಇದೇ' ಎನ್ನಲು ಹಾಕಿಯೇ ನೋಡಬೇಕು. ಹಾಕುವ ಮುಂಚೆ ಲೇಬಲ್ ಓದಿರಬೇಕು.

ಲೇಬಲ್ಲಿನ ಚಿಹ್ನೆಯನ್ನು ಬಾಯಲ್ಲೇ ಬಿಡಿಸುತ್ತೇನೆ. ನಡುವೆ ಒಂದು ಚುಕ್ಕೆ, ಅದರ ಸುತ್ತ ಪೂರ್ತಿ ಕೂಡದ ಒಂದು ಬಳೆ. ಚುಕ್ಕೆಯಿಂದ ಹೊರಟ ಗೆರೆ ಪ್ಲಸ್‌ಗೆ ಹೋದರೆ ಒಳಗೆ ಪ್ಲಸ್, ಹೊರಗೆ ಮೈನಸ್. ಈ ದುಂಡು ಪಿನ್ನಿನ ಲ್ಯಾಪ್‌ಟಾಪುಗಳಲ್ಲಿ ರೂಢಿ ಅದೇ. ಗಿಟಾರ್ ಪೆಡಲುಗಳ ಒಂಬತ್ತು ವೋಲ್ಟಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಮನೆಯಲ್ಲಿ ಅಡಾಪ್ಟರುಗಳ ರಾಶಿ ಇದ್ದವರು ಗೆರೆಯನ್ನು ಬೆರಳಿಟ್ಟು ನೋಡಬೇಕು.

ಕೊನೆಯದು ಔಟ್‌ಪುಟ್ ಸಾಲು. ಒಂದು ಸಂದರ್ಭ ತೆಗೆದುಕೊಳ್ಳೋಣ. ಡೆಲ್ ಲ್ಯಾಪ್‌ಟಾಪಿನ ತಳದಲ್ಲಿ 19.5V, 3.34A ಎಂದಿದೆ. ಗುಣಿಸಿದರೆ 65 ವ್ಯಾಟ್. ಮೂರು ಚಾರ್ಜರುಗಳ ಫೋಟೋ ಬಂದಿದೆ, ಮೂರಕ್ಕೂ ದಪ್ಪ ಪಿನ್ನು. ಮೊದಲನೆಯದು ಎಚ್‌ಪಿ, 18.5V, 3.5A: ವ್ಯಾಟು ಸರಿ ಕಂಡರೂ ವೋಲ್ಟೇಜು ಒಂದು ಕಡಿಮೆ, ಕಡ್ಡಿಯ ಭಾಷೆಯೂ ಬೇರೆ. ಬೇಡ. ಎರಡನೆಯದು ಡೆಲ್, 19.5V, 4.62A, ಅಂದರೆ 90 ವ್ಯಾಟ್. ಆಂಪಿಯರ್ ಜಾಸ್ತಿಯಿದೆ, ಸುಟ್ಟುಹೋದೀತು ಎಂದು ಹಲವರು ಹೆದರುತ್ತಾರೆ. ಹೆದರಬೇಕಿಲ್ಲ. ಚಾರ್ಜರ್ ಕರೆಂಟನ್ನು ನೂಕುವುದಿಲ್ಲ, ಯಂತ್ರ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಇದನ್ನು ಕೊಳ್ಳಬಹುದು. ಮೂರನೆಯದರ ಫೋಟೋದಲ್ಲಿ ಎದ್ದು ಕಾಣುವುದು 100-240V, 1.5A. ಅದು ಇನ್‌ಪುಟ್ ಸಾಲು, ಗೋಡೆಯ ಪ್ಲಗ್ಗಿನದು. ಪಕ್ಕದಲ್ಲಿ ಅಲೆಯಂಥ ಗೆರೆ ಇರುತ್ತದೆ. ಔಟ್‌ಪುಟ್ ಸಾಲಿಗೆ ನೆಟ್ಟಗಿನ ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ. ಅದು ಫೋಟೋದಲ್ಲಿ ಬಂದಿಲ್ಲವಾದ್ದರಿಂದ ಇನ್ನೊಂದು ಫೋಟೋ ಕೇಳಬೇಕು. ಅಲ್ಲಿ ಆಂಪಿಯರ್ 3.34ಕ್ಕಿಂತ ಕಡಿಮೆಯಿದ್ದರೆ ಬೇಡ. ಚಾರ್ಜರ್ ಕೈಸುಡುವಷ್ಟು ಬಿಸಿಯಾಗಿ ನಡುವೆ ನಿಂತುಹೋಗುವುದು ಇಂಥ ಜೋಡಿಯಲ್ಲೇ.

ಈ ಪಿನ್ನುಗಳ ಕಾಲ ಮುಗಿಯುತ್ತಾ ಬಂದಿದೆ. 2014ರಲ್ಲಿ ಬಂದ ಯುಎಸ್‌ಬಿ-ಸಿ ಪಿನ್ನಿನಲ್ಲಿ ಚಾರ್ಜರ್ ಮೊದಲು ಐದೇ ವೋಲ್ಟ್ ಕೊಟ್ಟು, ಯಂತ್ರದೊಡನೆ ಮಾತಾಡಿಕೊಂಡ ಮೇಲೆ 20ಕ್ಕೆ ಏರುತ್ತದೆ. ಐರೋಪ್ಯ ಒಕ್ಕೂಟ 2022ರಲ್ಲಿ ಮಾಡಿದ ಕಾನೂನು ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ನ್ನು ಗಡುವಾಗಿ ಇಟ್ಟು ಇದೇ ಪಿನ್ನನ್ನು ಕಡ್ಡಾಯ ಮಾಡಿತು. ಪೇಟೆಯಲ್ಲಿ 'ಲೆನೊವೊ ಯುಎಸ್‌ಬಿ ಪಿನ್ನು' ಎಂದು ಕರೆಯುವ ಹಳದಿ ಆಯತಾಕಾರದ ತುದಿ ಬೇರೆ, ಅದು ಯುಎಸ್‌ಬಿ ಅಲ್ಲ. ಎರಡನ್ನೂ ಒಂದೆಂದು ಆರ್ಡರ್ ಮಾಡಬೇಡಿ.

ಹಳೆಯ ಪಿನ್ನುಗಳು ಪೂರ್ತಿ ಮರೆಯಾಗುವವರೆಗೆ, ಮನೆಯಲ್ಲಿ ದುಂಡು ಪಿನ್ನಿನ ಲ್ಯಾಪ್‌ಟಾಪ್ ಇರುವವರು ಮೂರು ಫೋಟೋ ತೆಗೆದಿಟ್ಟುಕೊಳ್ಳಿ: ಯಂತ್ರದ ತಳದ ಲೇಬಲ್, ಚಾರ್ಜರಿನ ಪೂರ್ತಿ ಲೇಬಲ್, ನಾಣ್ಯದ ಪಕ್ಕ ಇಟ್ಟ ಪಿನ್ನು. ಚಾರ್ಜರಿನ ಲೇಬಲ್ ಬೇಗ ಸವೆಯುತ್ತದೆ. ಅಕ್ಷರ ಓದಲು ಬರುವಾಗಲೇ ತೆಗೆಯಿರಿ.