ಊಟ ಆಯ್ತಾ: ಒಂದು ಮಾತು, ಹಲವು ಕಾಗುಣಿತ

ಅಂಕೋಲೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗ ಕಾರವಾರದಲ್ಲಿ ಕೆಲಸಕ್ಕಿದ್ದಾನೆ. ದೂರ ಹೆಚ್ಚಿಲ್ಲ, ಸುಮಾರು 35 ಕಿಲೋಮೀಟರು. ಆದರೂ ಅವನು ಮನೆಗೆ ಬರುವುದು ವಾರಕ್ಕೊಮ್ಮೆ. ಮಧ್ಯಾಹ್ನ ಒಂದೂವರೆಗೆ ತಾಯಿ ಮೊಬೈಲಿನಲ್ಲಿ ಕೇಳುತ್ತಾಳೆ: uta ayta? ಅದೇ ಹೊತ್ತಿಗೆ ಮಂಡ್ಯದ ಕಡೆಯ ಸಹೋದ್ಯೋಗಿ ಕೇಳುತ್ತಾನೆ: oota aytha? ಕಾರವಾರದ ಕೊಂಕಣಿ ಮನೆಯ ಗೆಳೆಯನದು uta aita. ಶಿರಸಿ ಕಡೆಯ ಹವ್ಯಕ ಗೆಳತಿಯದು oota aata. ನಾಲ್ವರು ಕೇಳಿದ್ದೂ ಒಂದೇ ಮಾತು. ಮಗನಿಗೆ ನಾಲ್ಕೂ ತಿಳಿದವು. ತಿಳಿಯದೆ ಹೋಗುವುದು ಆ ಪರಿಸರದಲ್ಲಿ ಇಲ್ಲದವನಿಗೆ, ಮತ್ತು ಅನುವಾದದ ಯಂತ್ರಕ್ಕೆ.

ಈ ಪುಟ್ಟ ಪ್ರಶ್ನೆಯನ್ನು ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಲೆಕ್ಕ ಹಾಕಿ ನೋಡಬಹುದು. ‘ಊ’ಕಾರಕ್ಕೆ u, uu, oo ಎಂಬ ಮೂರು ದಾರಿ. ‘ಆ’ಕಾರಕ್ಕೆ a ಅಥವಾ aa. ನಡುವಿನ ‘ಯ್’ಗೆ y, i, yi. ‘ತ’ಕಾರಕ್ಕೆ t ಅಥವಾ th. ಕೊನೆಯ ದೀರ್ಘಕ್ಕೆ ಮತ್ತೆ a ಅಥವಾ aa. ಗುಣಿಸಿದರೆ 72. ಎರಡು ಪದಗಳನ್ನು ಬಿಡಿಸಿ ಬರೆಯುವವರೂ ಕೂಡಿಸಿ ಬರೆಯುವವರೂ ಇದ್ದಾರೆಂದರೆ 144. ‘ಆತಾ’ ಎನ್ನುವ ಉಚ್ಚಾರಣೆಯನ್ನು ಇದಕ್ಕೆ ಇನ್ನೂ ಸೇರಿಸಿಲ್ಲ. ಇವುಗಳಲ್ಲಿ ಯಾವುದನ್ನೂ ತಪ್ಪೆನ್ನುವಂತಿಲ್ಲ, ಏಕೆಂದರೆ ತಪ್ಪು ಎನ್ನಲು ಮೊದಲು ಒಂದು ನಿಯಮ ಇರಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಶಾಲೆಯಲ್ಲಿ ಯಾರೂ ಯಾರಿಗೂ ಕಲಿಸಿಲ್ಲ. ಮೇಲಾಗಿ ಇದು ಗ್ರಂಥದ ಕನ್ನಡವಲ್ಲ, ಬಾಯಿಮಾತಿನ ಕನ್ನಡ. ‘ಊಟ ಆಯಿತೇ’ ಎಂಬುದಕ್ಕೆ ಕನ್ನಡ ಲಿಪಿಯಲ್ಲಿ ಗೊತ್ತಾದ ರೂಪವಿದೆ. ‘ಆಯ್ತಾ’, ‘ಆತಾ’ಗಳಿಗೆ ಕನ್ನಡ ಲಿಪಿಯಲ್ಲೇ ಕಟ್ಟುನಿಟ್ಟಿನ ಕಾಗುಣಿತವಿಲ್ಲ.

ಇದರಲ್ಲಿ ಅತ್ಯಂತ ಕುತೂಹಲದ್ದು t ಮತ್ತು th ಕಥೆ. ಇದಕ್ಕೆ ಕಾರವಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕನ್ನಡದ ತ, ಥ, ಟ, ಠ ಎಂಬ ನಾಲ್ಕು ವ್ಯಂಜನಗಳಿಗೆ ಇಂಗ್ಲಿಷಿನಲ್ಲಿ ಸಿಗುವುದು t ಮತ್ತು h ಎರಡೇ. ದಕ್ಷಿಣದವರು t ಅಕ್ಷರವನ್ನು ‘ಟ’ಕಾರಕ್ಕೆ ಬಿಟ್ಟು, ‘ತ’ಕಾರಕ್ಕೆ th ಎಂದು ಬರೆಯುವ ರೂಢಿ ಮಾಡಿಕೊಂಡರು. ಲತಾ ಅವರಲ್ಲಿ Latha, ಸುನೀತಾ Sunitha. ಮರಾಠಿ, ಹಿಂದಿಯವರ ರೂಢಿ ಬೇರೆ. ಅವರಿಗೆ t ಎಂದರೆ ‘ತ’ವೂ ಹೌದು ‘ಟ’ವೂ ಹೌದು, h ಸೇರಿದರೆ ಅದು ಮಹಾಪ್ರಾಣ. ಅವರಲ್ಲಿ Lata, Sunita. ದಕ್ಷಿಣದವನು Lata ಎಂಬುದನ್ನು ‘ಲಟಾ’ ಎಂದು ಓದಿದರೆ, ಉತ್ತರದವನು Latha ಎಂಬುದನ್ನು ‘ಲಥಾ’ ಎಂದು ಓದುತ್ತಾನೆ.

ಈ ಎರಡು ರೂಢಿಗಳು ಮುಖಾಮುಖಿಯಾಗುವ ಗಡಿ ಉತ್ತರ ಕನ್ನಡದ ಕರಾವಳಿ. ಈ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದರ ಕಚೇರಿ, ಶಾಲೆ, ವ್ಯಾಪಾರಗಳ ಮುಖ ಮುಂಬಯಿಯತ್ತ ಇತ್ತು. ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮರಾಠಿ ರೂಢಿಯೇ ಸಹಜವಾಗಿ ಬಂತು. ನಂತರ ಬೆಂಗಳೂರು, ಮೈಸೂರಿನ ಕಡೆಯಿಂದ ಬಂದ ಅಧಿಕಾರಿಗಳು, ಅಧ್ಯಾಪಕರು th ರೂಢಿಯನ್ನು ಹೊತ್ತು ತಂದರು. ಹಾಗಾಗಿ ಇಲ್ಲಿ ಒಂದೇ ತರಗತಿಯಲ್ಲಿ Sunita ಮತ್ತು Sunitha ಕೂಡಿ ಕೂತಿದ್ದರೆ ಆಶ್ಚರ್ಯವಿಲ್ಲ.

ಪಕ್ಕದ ಗೋವೆಯಲ್ಲಿ ಮೂರನೆಯದೊಂದು ರೂಢಿಯಿದೆ. ಅಲ್ಲಿಯ ಕ್ರೈಸ್ತರು ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತ ಬಂದು ಶತಮಾನಗಳಾದವು. ಪೋರ್ಚುಗೀಸರ ಪ್ರಭಾವದಿಂದ ಅವರಲ್ಲಿ ‘ಶ’ಕಾರಕ್ಕೆ x ಬಳಕೆ. ಟ, ಡ, ಣ, ಳಗಳಿಗಂತೂ ಅವರು ಸೊಗಸಾದ ಉಪಾಯ ಕಂಡುಕೊಂಡರು: ಅಕ್ಷರವನ್ನು ಇಮ್ಮಡಿಸಿ tt, dd, nn, ll ಎಂದು ಬರೆದರಾಯಿತು. ಕನ್ನಡಕ್ಕೂ ಇದನ್ನೇ ಏಕೆ ತರಬಾರದು ಎಂದು ಕೇಳಬಹುದು. ಬಾರದು, ಏಕೆಂದರೆ ಕನ್ನಡದಲ್ಲಿ ಇಮ್ಮಡಿ ಅಕ್ಷರಕ್ಕೆ ಬೇರೆ ಕೆಲಸ ಆಗಲೇ ಇದೆ. ಕಾಲು ಬೇರೆ, ಕಲ್ಲು ಬೇರೆ. ll ಎಂಬುದನ್ನು ‘ಳ’ಕಾರಕ್ಕೆ ಕೊಟ್ಟರೆ ‘ಲ್ಲ’ಕ್ಕೆ ಏನು ಕೊಡುವುದು? ಒಂದು ಭಾಷೆಯ ಔಷಧ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಈ ಗೊಂದಲ ಮೊಬೈಲಿನಿಂದ ಹುಟ್ಟಿದ್ದೇನೂ ಅಲ್ಲ. ಕಾರವಾರದ ಹೆಸರನ್ನೇ ನೋಡಿ. ಹಳೆಯ ಇಂಗ್ಲಿಷ್ ವ್ಯಾಪಾರಿ ದಾಖಲೆಗಳಲ್ಲಿ ಅದು Carwar. 1883ರ ಮುಂಬಯಿ ಪ್ರಾಂತದ ಗೆಜೆಟಿಯರಿನಲ್ಲಿ, ದೀರ್ಘ ತೋರಿಸಲು a ಮೇಲೆ ಗೆರೆಯೆಳೆದು, Kárwár. ಮುಂದೆ ಗೆರೆಗಳು ಉದುರಿ Karwar ಉಳಿಯಿತು. ಇದೂ ಕನ್ನಡದ ಉಚ್ಚಾರಣೆಯಲ್ಲ. ಕನ್ನಡದಲ್ಲಿ ಕಾ-ರ-ವಾ-ರ ಎಂದು ನಾಲ್ಕು ಅಕ್ಷರವನ್ನೂ ನುಡಿಯುತ್ತೇವೆ. ನಡುವಿನ ಮತ್ತು ಕೊನೆಯ ಅಕಾರವನ್ನು ನುಂಗುವುದು ಮರಾಠಿ, ಕೊಂಕಣಿಗಳ ಕ್ರಮ. ಆದರೆ ಊರಿನ ಹೆಸರಿಗೆ ಗೆಜೆಟಿಯರ್, ನಕಾಶೆ, ರೈಲ್ವೆ ಫಲಕಗಳ ರಕ್ಷಣೆಯಿದೆ. ‘ಊಟ ಆಯ್ತಾ’ಗೆ ಯಾವ ಫಲಕವಿದೆ?

ಕನ್ನಡಿಗರು ಈ ದಾರಿ ಹಿಡಿದದ್ದಕ್ಕೆ ಅಸಡ್ಡೆಯೊಂದೇ ಕಾರಣವೆಂದು ಬಯ್ಯುವವರಿದ್ದಾರೆ. ಅದು ಅರ್ಧಸತ್ಯ. ಮೊದಮೊದಲ ಮೊಬೈಲುಗಳಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ. ಬಂದ ಮೇಲೂ ಎಸ್ಸೆಮ್ಮೆಸ್ಸಿನ ಲೆಕ್ಕ ಕನ್ನಡಕ್ಕೆ ದುಬಾರಿಯಾಗಿತ್ತು. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಸಂದೇಶಕ್ಕೆ 160 ಸಂಕೇತ, ಕನ್ನಡ ಲಿಪಿಯಲ್ಲಾದರೆ 70 ಮಾತ್ರ. ಅದರಲ್ಲೂ ಎರಡೇ ಅಕ್ಷರವಾಗಿ ಕಾಣುವ ‘ಆಯ್ತಾ’ ಯಂತ್ರದ ಲೆಕ್ಕದಲ್ಲಿ ಐದು ಸಂಕೇತ: ಆ, ಯ, ಅರ್ಧಾಕ್ಷರದ ಗುರುತು, ತ, ದೀರ್ಘದ ಗುರುತು. ಸಂದೇಶಕ್ಕಿಷ್ಟು ಎಂದು ಕಾಸು ಕೊಡುತ್ತಿದ್ದ ಕಾಲದಲ್ಲಿ ಕೈಗೆ ಹತ್ತಿದ ರೂಢಿ, ಕಾಸಿನ ಪ್ರಶ್ನೆ ಹೋದ ಮೇಲೂ ಕೈಯಲ್ಲೇ ಉಳಿಯಿತು.

ಇನ್ನು ಹಲವು ಕಾಗುಣಿತದ ಒಂದು ಮಾತನ್ನು ಬಿಟ್ಟು, ಒಂದೇ ಕಾಗುಣಿತದ ಹಲವು ಮಾತುಗಳತ್ತ ಬರಬೇಕು. ತೊಡಕು ಬಿಗಿಯಾಗುವುದು ಇಲ್ಲಿ. ಕರಾವಳಿಯ ಮನೆಯೊಂದರಿಂದ ಹೀಗೊಂದು ಸಂದೇಶ ಹೋಯಿತೆನ್ನಿ: hosa bale beku. ಬೇಕಾದದ್ದು ಬಲೆಯೋ, ಬಳೆಯೋ, ಬಾಳೆಯೋ? ‘ಲ’ ಮತ್ತು ‘ಳ’ ಎರಡಕ್ಕೂ l ಒಂದೇ. ‘ಬ’ ಮತ್ತು ‘ಬಾ’ ಎರಡಕ್ಕೂ ba ಸಾಕೆಂದು ಬರೆದವರು ತಿಳಿದಿದ್ದಾರೆ. ಮೀನುಗಾರನ ಮನೆಯಿಂದ ಬಂದರೆ ಬಲೆ, ಮದುವೆಯ ಮನೆಯಿಂದ ಬಂದರೆ ಬಳೆ, ತೋಟದವರಿಂದ ಬಂದರೆ ಬಾಳೆ. ಮೀನುಗಾರನ ಮನೆಯಲ್ಲೇ ಮದುವೆಯಿದ್ದರೆ? ಕಳಿಸಿದವರು ಯಾರು, ಯಾವ ತಿಂಗಳು, ನಿನ್ನೆ ಏನು ಮಾತಾಗಿತ್ತು ಎಂಬುದೆಲ್ಲ ಗೊತ್ತಿದ್ದವನು ಮಾತ್ರ ಸರಿಯಾಗಿ ಓದುತ್ತಾನೆ. fridge halu aytu ಎಂಬುದೂ ಇಂಥದ್ದೇ. ಫ್ರಿಜ್ ಹಾಳಾಯಿತು ಎಂದು ಓದಿದವನು ದುರಸ್ತಿಯವನನ್ನು ಕಳಿಸುತ್ತಾನೆ; ಫ್ರಿಜ್ಜಿನಲ್ಲಿದ್ದ ಹಾಲು ಮುಗಿಯಿತು ಎಂದು ಓದಿದವನು ಅಂಗಡಿಗೆ ಹೋಗುತ್ತಾನೆ.

ಅನುವಾದದ ಯಂತ್ರಕ್ಕೆ ಆ ಮನೆಯ ನೆನಪಿಲ್ಲ. ಅದು ಮೊದಲು ಮಾಡಬೇಕಾದ ಕೆಲಸ, ಎದುರಿಗಿರುವ ಬರಹ ಯಾವ ಭಾಷೆಯದೆಂದು ಊಹಿಸುವುದು. ಕನ್ನಡ ಲಿಪಿಯಲ್ಲಿದ್ದರೆ ಲಿಪಿಯೇ ಸಾಕ್ಷಿ ಹೇಳುತ್ತದೆ. ರೋಮನ್ ಲಿಪಿಯಲ್ಲಿದ್ದರೆ ಆ ಸಾಕ್ಷಿ ಇಲ್ಲ. ಎರಡೇ ಪದದ uta aita ಕನ್ನಡವೋ, ಕೊಂಕಣಿಯೋ, ದೂರದ ಬೇರಾವ ಭಾಷೆಯೋ ಆಗಬಹುದು. ಇನ್ನೂ ಕೆಟ್ಟದ್ದು, ಕೆಲವು ಕನ್ನಡ ಪದಗಳು ಇಂಗ್ಲಿಷ್ ವೇಷದಲ್ಲೇ ಬರುತ್ತವೆ. ಮಳೆ male ಆದರೆ ‘ಗಂಡು’. ಮನೆ mane ಆದರೆ ‘ಕುದುರೆಯ ಜೂಲು’. ಹೊಳೆ hole ಆದರೆ ‘ತೂತು’. male jasti, hole tumbide ಎಂದು ಆತಂಕದಿಂದ ಬರೆದ ಸಾಲು, ಯಂತ್ರ ಈ ಪದಗಳನ್ನು ಇಂಗ್ಲಿಷೆಂದು ಹಿಡಿದರೆ, ಎಲ್ಲಿಗೆ ಹೋಗಿ ಮುಟ್ಟೀತೆಂದು ಯೋಚಿಸಿ.

ಭಾಷೆ ಗುರುತಾದ ಮೇಲೂ ಕಷ್ಟವಿದೆ. ಯಂತ್ರ ಕಲಿಯುವುದು ಹಿಂದೆ ಕಂಡ ಬರಹಗಳಿಂದ. ಹತ್ತಾರು ಸಾವಿರ ಸಲ ಕಂಡ ಕಾಗುಣಿತ ಅದಕ್ಕೆ ಗಟ್ಟಿ. ಅಪರೂಪಕ್ಕೆ ಕಂಡದ್ದನ್ನು ಅದು ಚೂರುಚೂರಾಗಿ ಒಡೆದು, ಚೂರುಗಳಿಂದ ಅರ್ಥ ಊಹಿಸುತ್ತದೆ. ಬೆಂಗಳೂರಿನ aytha ಹೆಚ್ಚು ಕಂಡಿರುವ ಯಂತ್ರಕ್ಕೆ ಘಟ್ಟದ aata ಅಪರಿಚಿತ. ಅದನ್ನು ‘ಆಟ’ ಎಂದು ಓದಿದರೂ ತಪ್ಪೆನ್ನುವಂತಿಲ್ಲ. ಇದನ್ನು ಸರಿಪಡಿಸಲೆಂದೇ ಗೂಗಲ್ ಸಂಶೋಧಕರು 2020ರಲ್ಲಿ ಕನ್ನಡವೂ ಸೇರಿ 12 ಭಾಷೆಗಳ ‘ದಕ್ಷಿಣ’ ಎಂಬ ಸಂಗ್ರಹವನ್ನು ಹೊರತಂದರು. ಭಾಷಿಕರಿಂದಲೇ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಸಿ, ಒಂದು ಪದಕ್ಕೆ ಬಂದ ಬೇರೆಬೇರೆ ಕಾಗುಣಿತಗಳನ್ನು ಅದರಲ್ಲಿ ಜೊತೆಗಿಟ್ಟಿದ್ದಾರೆ. ಆದರೆ ಅದರ ಮೂಲಪದಗಳು ವಿಕಿಪೀಡಿಯದವು, ಅಂದರೆ ಗ್ರಂಥದ ಕನ್ನಡ. ಅಡುಗೆಮನೆಯ ಕನ್ನಡ ಅಲ್ಲಿ ಸಿಗುವುದು ಕಡಿಮೆ.

ಇದು ಬರೀ ತಮಾಷೆಯ ವಿಷಯವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೂ ಗಂಗಾವಳಿ ಹೊಳೆಗೂ ಬಿತ್ತು. ಸಿಲುಕಿದವರಲ್ಲಿ ಕೇರಳದ ಲಾರಿ ಚಾಲಕನೂ ಇದ್ದುದರಿಂದ ಹೊರರಾಜ್ಯದವರೂ ಈ ಊರನ್ನು ಹುಡುಕಿದರು. ಸುದ್ದಿಗಳಲ್ಲಿ ಅದು Shirur ಎಂದೂ Shiroor ಎಂದೂ ಬಂತು. ಉಡುಪಿ ಜಿಲ್ಲೆಯ ಬೈಂದೂರಿನ ಬಳಿ ಇನ್ನೊಂದು ಶಿರೂರಿದೆ, ಅದೂ ಇದೇ ಹೆದ್ದಾರಿಯ ಮೇಲೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿ ಮತ್ತೊಂದು. ಇಂಥ ದಿನಗಳಲ್ಲಿ ತಾಲೂಕಿನ ಹೆಸರಿಲ್ಲದೆ ಊರಿನ ಹೆಸರೊಂದನ್ನೇ ರೋಮನ್ ಲಿಪಿಯಲ್ಲಿ ಬರೆದರೆ ಓದುವವನು ಯಾವ ಊರಿಗೆ ಹೊರಡಬೇಕು?

ಹಾಗಾದರೆ ಕಟ್ಟುನಿಟ್ಟಿನ ನಿಯಮವೊಂದನ್ನು ಮಾಡಿಬಿಡಬಾರದೇ? ಮಾಡಿದ್ದಾರೆ. 1998ರಲ್ಲಿ ಬಂದ ‘ಬರಹ’ ತಂತ್ರಾಂಶದ ಕ್ರಮದಲ್ಲಿ ‘ಊಟ ಆಯ್ತಾ’ ಎಂದರೆ UTa AytA. ದೊಡ್ಡಕ್ಷರ T ಇದ್ದರೆ ‘ಟ’, ಸಣ್ಣದಿದ್ದರೆ ‘ತ’. ದೊಡ್ಡ L ‘ಳ’, ಸಣ್ಣದು ‘ಲ’. ಬಲೆ bale, ಬಳೆ baLe, ಬಾಳೆ bALe: ಮೂರೂ ಬೇರೆಬೇರೆ, ಸಂಶಯಕ್ಕೆ ಎಡೆಯೇ ಇಲ್ಲ. ಕಂಪ್ಯೂಟರಿನ ಮುಂದೆ ಕೂತು ಪುಸ್ತಕ ಬೆರಳಚ್ಚು ಮಾಡುವವರಿಗೆ ಇದು ವರವಾಯಿತು. ಆದರೆ ಮೊಬೈಲಿನ ಮೇಲೆ ಹೆಬ್ಬೆರಳಾಡಿಸುವವರು ನಡುನಡುವೆ ದೊಡ್ಡಕ್ಷರಕ್ಕೆಂದು ನಿಲ್ಲುವುದಿಲ್ಲ. ವಾಕ್ಯದ ಮೊದಲ ಅಕ್ಷರವನ್ನು ಮೊಬೈಲೇ ದೊಡ್ಡದು ಮಾಡುವುದರಿಂದ, tande ಎಂದು ಹೊರಟವನ ‘ತಂದೆ’ ಈ ಕ್ರಮದಲ್ಲಿ ‘ಟಂದೆ’ಯಾಗುತ್ತದೆ.

ಸದ್ಯಕ್ಕೆ ಕೆಲಸಕ್ಕೆ ಬರುವ ದಾರಿಯೊಂದಿದೆ. ರೋಮನ್ ಬರಹವನ್ನು ನೇರವಾಗಿ ಅನುವಾದಕ್ಕೆ ಕೊಡದೆ, ಮೊದಲು ಕನ್ನಡ ಲಿಪಿಗೆ ತರುವುದು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವ ಕೀಲಿಮಣೆಗಳು ಈಗ ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತವೆ. ಯಂತ್ರ ಎಡವಿದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಅನುವಾದವಾದ ಮೇಲಾದರೆ ತಪ್ಪು ಎಲ್ಲಿ ಹೊಕ್ಕಿತೆಂದು ಹಿಡಿಯುವುದು ಕಷ್ಟ. bale ಎಂದು ಒತ್ತಿದಾಗ ಬಲೆ, ಬಳೆ, ಬಾಳೆ ಎಂದು ಪದಗಳು ಸಾಲಾಗಿ ಮೇಲೆ ಬರುತ್ತವೆ. ಯಾವುದು ಬೇಕೆಂದು ಬರೆಯುವವಳಿಗೆ ಗೊತ್ತು. ಅದರ ಮೇಲೆ ಬೆರಳಿಟ್ಟರೆ ಕಾರವಾರದಲ್ಲಿರುವ ಮಗ ಶನಿವಾರ ಊರಿಗೆ ಬರುವಾಗ ಬಳೆಯನ್ನೇ ತರುತ್ತಾನೆ.