ನೀರು ಯಾವ ಇಂಗಾಲಕ್ಕೆ ಸೇರುತ್ತದೆ?



1881ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ರಸಾಯನಶಾಸ್ತ್ರಜ್ಞ ಮಿಖಾಯಿಲ್ ಕುಚೆರೋವ್ ಒಂದು ಹೊಸ ಸಂಗತಿಯನ್ನು ಪ್ರಕಟಿಸಿದರು. ಪಾದರಸದ ಲವಣ ಜೊತೆಗಿದ್ದರೆ ಅಸೆಟಿಲೀನ್ ಅನಿಲ ನೀರನ್ನು ತನ್ನೊಳಗೆ ಸೇರಿಸಿಕೊಂಡು ಅಸೆಟಾಲ್ಡಿಹೈಡ್ ಆಗುತ್ತದೆ ಎನ್ನುವುದೇ ಆ ಸಂಗತಿ. ಅಸೆಟಿಲೀನಿನಲ್ಲಿ ಎರಡು ಇಂಗಾಲಗಳ ನಡುವೆ ತ್ರಿಬಂಧ ಇರುತ್ತದೆ. ಇಂಥ ತ್ರಿಬಂಧವಿರುವ ಸಂಯುಕ್ತಗಳಿಗೆ ಆಲ್ಕೈನ್ ಎನ್ನುತ್ತಾರೆ. ಇನ್ನೊಂದು ಇಂಗಾಲ ಹೆಚ್ಚಿರುವ ಪ್ರೊಪೈನ್ ಮೇಲೆ ಇದೇ ಕ್ರಿಯೆ ನಡೆಸಿದರೆ ಬರುವುದು ಆಲ್ಡಿಹೈಡ್ ಅಲ್ಲ, ಅಸಿಟೋನ್ ಎಂಬ ಕೀಟೋನ್. ಇಲ್ಲಿಂದ ಮುಂದಕ್ಕೆ ತುದಿಯಲ್ಲಿ ತ್ರಿಬಂಧವಿರುವ ಯಾವ ಆಲ್ಕೈನನ್ನು ತೆಗೆದುಕೊಂಡರೂ ಪಾದರಸ ಕೊಡುವುದು ಮೀಥೈಲ್ ಕೀಟೋನನ್ನೇ. ಅದೇ ಆಲ್ಕೈನಿನಿಂದ ಆಲ್ಡಿಹೈಡ್ ಬೇಕೆಂದವರು ಸುಮಾರು ಮುಕ್ಕಾಲು ಶತಮಾನ ಕಾಯಬೇಕಾಯಿತು. ಆ ಕಾಯುವಿಕೆಯ ಕಾರಣವನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಉದಾಹರಣೆಗೆ 1-ಹೆಕ್ಸೈನ್ ಇರಲಿ. ಆರು ಇಂಗಾಲಗಳ ಸರಪಳಿ, ತ್ರಿಬಂಧ ಇರುವುದು ಮೊದಲ ಮತ್ತು ಎರಡನೆಯ ಇಂಗಾಲದ ನಡುವೆ. ಮೊದಲನೆಯದು ತುದಿಯ ಇಂಗಾಲ, ಅದರ ಮೇಲೆ ಒಂದೇ ಜಲಜನಕ. ಎರಡನೆಯದಕ್ಕೆ ಉಳಿದ ನಾಲ್ಕು ಇಂಗಾಲಗಳ ಬಾಲ ಅಂಟಿಕೊಂಡಿದೆ. ಇದಕ್ಕೆ ಪಾದರಸದ ಸಲ್ಫೇಟ್ ಮತ್ತು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿದಾಗ, ಧನ ಆವೇಶದ ಪಾದರಸ ತ್ರಿಬಂಧದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆಗ ಎರಡೂ ಇಂಗಾಲಗಳಿಗೆ ಎಲೆಕ್ಟ್ರಾನಿನ ಕೊರತೆ ಬರುತ್ತದೆ. ಆದರೆ ಕೊರತೆಯ ಹೆಚ್ಚು ಪಾಲನ್ನು ಹೊರುವುದು ಒಳಗಿನ ಇಂಗಾಲ, ಏಕೆಂದರೆ ಅದರ ಬಾಲ ಎಲೆಕ್ಟ್ರಾನುಗಳನ್ನು ಅತ್ತ ತಳ್ಳಿ ಆ ಧನ ಆವೇಶಕ್ಕೆ ಆಸರೆಯಾಗುತ್ತದೆ. ನೀರಿನ ಆಮ್ಲಜನಕ ಹೋಗಿ ಕೂರುವುದು ಆ ಒಳಗಿನ ಇಂಗಾಲದ ಮೇಲೆ, ಪಾದರಸ ಉಳಿಯುವುದು ತುದಿಯಲ್ಲಿ. ನಂತರ ಆಮ್ಲ ಪಾದರಸವನ್ನು ಬಿಡಿಸಿ ಆ ಜಾಗಕ್ಕೆ ಜಲಜನಕವನ್ನು ತರುತ್ತದೆ.

ಈಗ ನಮ್ಮ ಮುಂದಿರುವುದು ದ್ವಿಬಂಧದ ಇಂಗಾಲದ ಮೇಲೆ ನೇರವಾಗಿ ಹೈಡ್ರಾಕ್ಸಿಲ್ ಕೂತಿರುವ ಅಣು. ಇದೇ ಈನಾಲ್. ಇಂಥ ಅಣು ಹಾಗೆಯೇ ಉಳಿಯುವುದಿಲ್ಲ, ಆಲ್ಡಿಹೈಡ್ ಅಥವಾ ಕೀಟೋನಾಗಿ ಬದಲಾಗುತ್ತದೆ ಎಂದು ಜರ್ಮನಿಯ ಎಮಿಲ್ ಎರ್ಲೆನ್‌ಮೇಯರ್ ಕುಚೆರೋವ್‌ಗಿಂತ ಒಂದು ವರ್ಷ ಮೊದಲೇ, 1880ರಲ್ಲಿ, ನಿಯಮವಾಗಿ ಹೇಳಿದ್ದರು. ಆಮ್ಲದಲ್ಲಿ ತುದಿಯ ಇಂಗಾಲ ಒಂದು ಪ್ರೋಟಾನನ್ನು ಪಡೆಯುತ್ತದೆ, ಆಮ್ಲಜನಕ ತನ್ನದನ್ನು ಬಿಟ್ಟುಕೊಡುತ್ತದೆ. ಇಂಗಾಲ ಮತ್ತು ಆಮ್ಲಜನಕದ ನಡುವಿನ ದ್ವಿಬಂಧ ಬಹಳ ಗಟ್ಟಿ, ಆದ್ದರಿಂದ ತಕ್ಕಡಿ ಪೂರ್ತಿ ಕೀಟೋನಿನ ಕಡೆಗೇ ವಾಲುತ್ತದೆ. ನೀರಿನಲ್ಲಿ ಕರಗಿದ ಅಸಿಟೋನಿನ ನೂರು ಕೋಟಿ ಅಣುಗಳಲ್ಲಿ ಈನಾಲ್ ರೂಪದಲ್ಲಿರುವವು ಸುಮಾರು ಐದು ಮಾತ್ರ. ತುದಿಯ ಇಂಗಾಲಕ್ಕೆ ಹೀಗೆ ಜಲಜನಕಗಳು ಸೇರಿ ಮೂರಾದಾಗ ಅದು ಮೀಥೈಲ್ ಗುಂಪು. ಆದ್ದರಿಂದಲೇ ನಮಗೆ ಸಿಗುವುದು 2-ಹೆಕ್ಸನೋನ್. ಅಸೆಟಿಲೀನ್ ಒಂದೇ ಈ ದಾರಿಯಲ್ಲಿ ಆಲ್ಡಿಹೈಡ್ ಕೊಡುತ್ತದೆ, ಅದರ ಎರಡು ಇಂಗಾಲಗಳೂ ತುದಿಗಳೇ ಅಲ್ಲವೇ.

ಕ್ಯಾಲ್ಸಿಯಂ ಕಾರ್ಬೈಡ್ ಅಗ್ಗವಾದ ಮೇಲೆ ಅಸೆಟಿಲೀನ್ ಹೇರಳವಾಗಿ ಸಿಕ್ಕಿತು, ಕುಚೆರೋವ್ ಕ್ರಿಯೆ ಕಾರ್ಖಾನೆಗೆ ಹೋಯಿತು. ಜಪಾನಿನ ಮಿನಮಾಟಾದಲ್ಲಿ ಚಿಸ್ಸೊ ಕಂಪನಿ 1932ರಲ್ಲಿ ಹೀಗೆ ಅಸೆಟಾಲ್ಡಿಹೈಡ್ ತಯಾರಿಸಲು ಶುರುಮಾಡಿತು. ಈ ಕ್ರಿಯೆಗೆ ಒಂದು ಹಳೆಯ ಕಾಟವಿದೆ. ಆಲ್ಡಿಹೈಡ್ ತಾನೇ ಪಾದರಸದ ಲವಣವನ್ನು ಅಪಕರ್ಷಿಸಿ ಲೋಹವಾಗಿಸುತ್ತದೆ, ತಳದಲ್ಲಿ ಬೂದು ಕೆಸರು ಕಂಡರೆ ವೇಗವರ್ಧಕ ಸತ್ತಿದೆ ಎಂದೇ ಅರ್ಥ. ಅದನ್ನು ಮತ್ತೆ ಲವಣವಾಗಿಸಲು ಉತ್ಕರ್ಷಕ ಬೇಕು. ಚಿಸ್ಸೊ ಮೊದಲು ಮ್ಯಾಂಗನೀಸ್ ಡೈಆಕ್ಸೈಡ್ ಬಳಸುತ್ತಿತ್ತು, 1951ರಲ್ಲಿ ಅದನ್ನು ಬಿಟ್ಟಿತು. ಅದೇ ಪಾತ್ರೆಯೊಳಗೆ ಪಾದರಸದ ಒಂದು ಸಣ್ಣ ಪಾಲು ಮೀಥೈಲ್ ಪಾದರಸವಾಗುತ್ತಿತ್ತು. ಅದು ಕಾರ್ಖಾನೆಯ ನೀರಿನೊಂದಿಗೆ ಕೊಲ್ಲಿಗೆ ಹರಿದು, ಮೀನು ಚಿಪ್ಪುಗಳ ಮೈಯಲ್ಲಿ ಸೇರಿ, ಅವನ್ನು ತಿಂದ ಬೆಸ್ತರ ಮನೆಗಳಿಗೆ ಬಂತು. ಕೈಕಾಲು ಸ್ವಾಧೀನ ತಪ್ಪುವ ಆ ಕಾಯಿಲೆ 1956ರ ಮೇ ತಿಂಗಳಲ್ಲಿ ಅಧಿಕೃತವಾಗಿ ವರದಿಯಾಯಿತು. ಕಾರ್ಖಾನೆ ಈ ಉತ್ಪಾದನೆ ನಿಲ್ಲಿಸಿದ್ದು 1968ರಲ್ಲಿ. ನಡುವಿನ ಹನ್ನೆರಡು ವರ್ಷ ಆ ನೀರು ಹರಿಯಲು ಬಿಟ್ಟದ್ದನ್ನು ನಾನು ಅಪರಾಧವೆಂದೇ ಎಣಿಸುತ್ತೇನೆ. ಪಾಠದ ಪುಸ್ತಕದಲ್ಲಿ ಬಾಣದ ಗುರುತಿನ ಮೇಲೆ ಪಾದರಸದ ಸಲ್ಫೇಟ್ ಎಂದು ಬರೆಯುವ ವಿದ್ಯಾರ್ಥಿಗೆ ಈ ಊರಿನ ಹೆಸರೂ ಗೊತ್ತಿರಬೇಕು.

ಆ 1956ರಲ್ಲೇ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಬ್ರೌನ್ ಇನ್ನೊಂದು ದಾರಿ ತೆರೆದರು. ಬೋರಾನ್ ಮತ್ತು ಜಲಜನಕದ ಬಂಧ, ಇಂಗಾಲಗಳ ದ್ವಿಬಂಧ ತ್ರಿಬಂಧಗಳಿಗೆ ಸಲೀಸಾಗಿ ಸೇರಿಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಇದಕ್ಕೆ ಹೈಡ್ರೋಬೋರೇಶನ್ ಎಂದು ಹೆಸರು. 1979ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಬೋರಾನ್ ಕೆಲಸಕ್ಕಾಗಿ. ಇಲ್ಲಿ ಬೋರಾನ್ ಕೂಡ ಪಾದರಸದಂತೆ ತುದಿಯನ್ನೇ ಹಿಡಿಯುತ್ತದೆ. ಆದರೆ ಪಾದರಸದ ಜಾಗಕ್ಕೆ ಕೊನೆಗೆ ಬಂದದ್ದು ಜಲಜನಕ. ಬೋರಾನಿನ ಜಾಗಕ್ಕೆ ಬರುವುದು ಆಮ್ಲಜನಕ. ಎರಡು ದಾರಿಗಳ ವ್ಯತ್ಯಾಸವೆಲ್ಲ ಇಷ್ಟರಲ್ಲೇ ಇದೆ. ಕ್ಷಾರ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬೋರಾನ್ ಹೋಗಿ ಅಲ್ಲೇ ಹೈಡ್ರಾಕ್ಸಿಲ್ ಕೂರುತ್ತದೆ. ಮತ್ತೆ ಈನಾಲ್, ಆದರೆ ಈ ಸಲ ಆಮ್ಲಜನಕ ಇರುವುದು ತುದಿಯಲ್ಲಿ. ಅದು ಮಗ್ಗುಲು ಬದಲಿಸಿದಾಗ ಹೆಕ್ಸನಾಲ್ ಎಂಬ ಆಲ್ಡಿಹೈಡ್.

ಬರೀ ಬೋರೇನ್ ಹಾಕಿದರೆ ಈ ಕೆಲಸ ಕೆಡುತ್ತದೆ. ಒಮ್ಮೆ ಸೇರಿದ ಮೇಲೂ ದ್ವಿಬಂಧ ಉಳಿದಿರುತ್ತದಲ್ಲ, ಅದಕ್ಕೂ ಬೋರೇನ್ ಸೇರಿ ಒಂದೇ ಇಂಗಾಲದ ಮೇಲೆ ಎರಡು ಬೋರಾನ್ ಬಂದುಬಿಡುತ್ತವೆ. ಬ್ರೌನ್ ಮತ್ತು ಜಾರ್ಜ್ ಝ್ವೈಫೆಲ್ ಇದಕ್ಕೆ ಕಂಡ ಉಪಾಯ ನನಗೆ ಬಹಳ ಇಷ್ಟ. ಅವರು ಬೋರೇನಿಗೆ ಮೊದಲೇ 2-ಮೀಥೈಲ್-2-ಬ್ಯೂಟೀನಿನ ಎರಡು ಅಣುಗಳನ್ನು ಸೇರಿಸಿದರು. ಕವಲೊಡೆದ ಆ ಎರಡು ಗುಂಪುಗಳು ಬೋರಾನಿನ ಸುತ್ತ ಇಕ್ಕಟ್ಟು ಮಾಡುವುದರಿಂದ ಮೂರನೆಯದು ಸುಲಭವಾಗಿ ಸೇರುವುದಿಲ್ಲ, ಒಂದೇ ಒಂದು ಬೋರಾನ್-ಜಲಜನಕ ಬಂಧ ಉಳಿಯುತ್ತದೆ. ಇದು ಡೈಸಿಯಾಮೈಲ್‌ಬೋರೇನ್. ತೆಳ್ಳಗಿನ ತ್ರಿಬಂಧದ ತುದಿಗೆ ಅದು ಒಮ್ಮೆ ಸೇರುತ್ತದೆ, ಎರಡನೆಯ ಸಲ ನುಗ್ಗಲು ಜಾಗವಿರುವುದಿಲ್ಲ. ಪೆರಾಕ್ಸೈಡ್ ಹಾಕುವಾಗ ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು ಕ್ಷಾರವನ್ನು ಹಿತಮಿತವಾಗಿ ಬೆರೆಸಬೇಕು, ಹೆಚ್ಚಾದರೆ ಆಲ್ಡಿಹೈಡಿನ ಅಣುಗಳು ಒಂದಕ್ಕೊಂದು ಕೂಡಿಕೊಂಡು ಹಾಳಾಗುತ್ತವೆ.

ಸಿಕ್ಕಿದ್ದು ಯಾವುದು ಎಂದು ತಿಳಿಯುವುದು ಹೇಗೆ? ಕುದಿಬಿಂದುವನ್ನು ನಂಬಬೇಡಿ, 2-ಹೆಕ್ಸನೋನ್ ಸುಮಾರು 128 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೆಕ್ಸನಾಲ್ ಸುಮಾರು 130ರಲ್ಲಿ ಕುದಿಯುತ್ತವೆ. ಅಯೋಡಿನ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಅಲುಗಿಸಿದರೆ ಮೀಥೈಲ್ ಕೀಟೋನ್ ಆಸ್ಪತ್ರೆಯ ವಾಸನೆಯ ಹಳದಿ ಅಯೋಡೋಫಾರ್ಮ್ ಕೊಡುತ್ತದೆ, ಹೆಕ್ಸನಾಲ್ ಕೊಡುವುದಿಲ್ಲ. ಟಾಲೆನ್ಸ್ ದ್ರಾವಣದಲ್ಲಿ ಹೆಕ್ಸನಾಲ್ ಪ್ರನಾಳದ ಗೋಡೆಗೆ ಬೆಳ್ಳಿಯ ಕನ್ನಡಿ ಹಿಡಿಸುತ್ತದೆ, ಕೀಟೋನ್ ಸುಮ್ಮನಿರುತ್ತದೆ.

ಪಾದರಸವನ್ನು ಬಿಡುವ ಪ್ರಯತ್ನವೂ ಮುಂದುವರಿಯಿತು. 1991ರಲ್ಲಿ ಜಪಾನಿನ ಫುಕುಡಾ ಮತ್ತು ಉಟಿಮೊಟೊ ಚಿನ್ನದ ಲವಣದಿಂದ ಆಲ್ಕೈನುಗಳಿಗೆ ನೀರು ಸೇರಿಸಿ ತೋರಿಸಿದರು. ಚಿನ್ನವೂ ಧನ ಆವೇಶದಿಂದಲೇ ಕೆಲಸ ಮಾಡುತ್ತದೆ, ಆದ್ದರಿಂದ ತುದಿಯ ಆಲ್ಕೈನಿನಿಂದ ಬರುವುದು ಮೀಥೈಲ್ ಕೀಟೋನೇ. 1998ರಲ್ಲಿ ಟೋಕುನಾಗಾ ಮತ್ತು ವಕಾತ್ಸುಕಿ ರುಥೇನಿಯಂ ವೇಗವರ್ಧಕ ಬಳಸಿ, ಬೋರಾನ್ ಪೆರಾಕ್ಸೈಡುಗಳ ಗೊಡವೆಯಿಲ್ಲದೆ, ನೀರನ್ನೇ ತುದಿಯ ಇಂಗಾಲಕ್ಕೆ ಕಳಿಸಿ ಆಲ್ಡಿಹೈಡ್ ಪಡೆದರು. ತ್ರಿಬಂಧ ಸರಪಳಿಯ ನಡುವೆ ಇದ್ದಾಗ ಮಾತ್ರ ತೊಡಕು ಹಾಗೆಯೇ ಉಳಿದಿದೆ. 3-ಹೆಕ್ಸೈನಿನ ಎರಡು ಪಕ್ಕಗಳೂ ಒಂದೇ ಆದ್ದರಿಂದ ಒಂದೇ ಕೀಟೋನ್ ಸಿಗುತ್ತದೆ; 2-ಹೆಕ್ಸೈನಿಗೆ ಪಾದರಸ ಹಾಕಿದರೆ 2-ಹೆಕ್ಸನೋನ್ ಮತ್ತು 3-ಹೆಕ್ಸನೋನ್ ಬೆರೆತು ಬರುತ್ತವೆ, ಅವನ್ನು ಬೇರ್ಪಡಿಸುವ ಕೆಲಸ ಪ್ರಯೋಗ ಮಾಡಿದವರ ಪಾಲಿಗೆ.